ಪಾಠ, ಮಾತು, ಲೆಕ್ಕ: ಉತ್ತರ ಬಾಯಿಯೋ ಮನೆಯೋ?

ಪದಪ್ರಿಯೆ
ಎಲ್ಲರಿಗೂ ನಮಸ್ಕಾರ. ನಮ್ಮ ಅಪಾರ್ಟ್‌ಮೆಂಟಿನ ಕನ್ನಡ ಬಳಗಕ್ಕೆ ವಾರಕ್ಕೊಂದು ಪದದಾಟ ಹಾಕುವ ಕೆಲಸ ನನ್ನದು. ಆಟ ಸರಳ. ಮೂರು ಪದ ಕೊಡುತ್ತೇನೆ. ಆ ಮೂರಕ್ಕೂ ಹಿಂದೆಯೋ ಮುಂದೆಯೋ ಹೊಂದುವ ಒಂದೇ ಪದ ಹುಡುಕಬೇಕು. ಸೇರಿದ ಮೇಲೆ ಮೂರೂ ಜನ ಬಳಸುವ ಜೋಡಿಪದಗಳಾಗಬೇಕು.

ಈ ವಾರ ಕೊಟ್ಟಿದ್ದು ಪಾಠ, ಮಾತು, ಲೆಕ್ಕ. ನಾನು ಇಟ್ಟುಕೊಂಡಿದ್ದ ಉತ್ತರ ಬಾಯಿ. ಬಾಯಿಪಾಠ, ಬಾಯಿಮಾತು, ಬಾಯಿಲೆಕ್ಕ. ಆದರೆ ಬಂದ ಉತ್ತರಗಳಲ್ಲಿ ಹೆಚ್ಚುಕಡಿಮೆ ಅರ್ಧ ಮನೆ! ಮನೆಪಾಠ, ಮನೆಮಾತು, ಮನೆಲೆಕ್ಕ. ಮೊದಲೆರಡಕ್ಕೆ ನನ್ನ ತಕರಾರಿಲ್ಲ. ಮನೆಲೆಕ್ಕ ಒಂದು ಪದ ಹೌದೋ ಅಲ್ಲವೋ ಎನ್ನುವುದರ ಮೇಲೆ ಈಗ ಎರಡು ಪಾಳಯ ಆಗಿದೆ. ಬಹುಮಾನ ಸಣ್ಣದು, ಜಗಳ ದೊಡ್ಡದು.

ಕೇಳಬೇಕಾದ್ದು ಎರಡು. ಒಂದೇ ಉತ್ತರ ಬರುವ ಹಾಗೆ ಪದ ಆರಿಸುವುದು ಹೇಗೆ? ಇನ್ನೊಂದು, ಮುಂದಿನ ವಾರಕ್ಕೆ ತುದಿ, ದಾಪು, ಅಡ್ಡ ಅಂತ ಇಟ್ಟಿದ್ದೇನೆ. ತುದಿಗಾಲು, ದಾಪುಗಾಲು, ಅಡ್ಡಗಾಲು. ಉತ್ತರ ಕಾಲು ಅಂತ ಬರೆದವರದು ಸರಿಯೋ, ಗಾಲು ಅಂತ ಬರೆದವರದೋ?

ಹೊಸಕೋಟೆ ಹುಡುಗ
ಎರಡಕ್ಕೂ ಅಂಕ ಕೊಟ್ಟುಬಿಡಿ ಮೇಡಂ. ಜಗಳ ಯಾಕೆ.

ಗುಂಡುಪಿನ್
ಕೊಡಬಾರದು. ಮನೆಲೆಕ್ಕ ಅಂತ ಯಾರು ಹೇಳುತ್ತಾರೆ? ಮನೆಯ ಲೆಕ್ಕ ಅಂತಾರೆ. ಬಾಯಿಲೆಕ್ಕ ಮಾತ್ರ ನಿಜವಾದ ಪದ. ಪೆನ್ನು ಹಿಡಿಯದೆ ಮನಸ್ಸಿನಲ್ಲೇ ಕೂಡಿ ಕಳೆದು ಹೇಳುವುದು. ನಾವು ಶಾಲೆಯಲ್ಲಿ ಮಾಡಿದ್ದೇವೆ.

ಅಂಗಡಿ ಮಲ್ಲಮ್ಮನ ಮಗಳು
ಗುಂಡುಪಿನ್ ಅವರೇ, ನಮ್ಮ ಮನೆಯಲ್ಲಿ ದಿನಾ ಹೇಳುತ್ತೇವೆ. ನಮ್ಮದು ಕಿರಾಣಿ ಅಂಗಡಿ. ಅಮ್ಮ ಎರಡು ನೋಟ್‌ಬುಕ್ ಇಟ್ಟಿರುತ್ತಾರೆ. ಒಂದರ ರಟ್ಟಿನ ಮೇಲೆ ಅಂಗಡಿಲೆಕ್ಕ, ಇನ್ನೊಂದರ ಮೇಲೆ ಮನೆಲೆಕ್ಕ. ಅಂಗಡಿಯಿಂದ ಒಂದು ಕೆಜಿ ಸಕ್ಕರೆ ಮನೆಗೆ ಒಯ್ದರೂ "ಮನೆಲೆಕ್ಕಕ್ಕೆ ಬರಿ" ಅಂತಾರೆ. ಯಾರೂ ಬಳಸುವುದಿಲ್ಲ ಅಂತ ಹೇಗೆ ಹೇಳುತ್ತೀರಿ?

ಗುಂಡುಪಿನ್
ನಿಘಂಟಿನಲ್ಲಿ ತೋರಿಸಿ.

ಅಂಗಡಿ ಮಲ್ಲಮ್ಮನ ಮಗಳು
ನಿಘಂಟಿನಲ್ಲಿ ಇಲ್ಲದ ಮಾತು ನಾವು ಬೆಳಗ್ಗೆಯಿಂದ ಸಂಜೆವರೆಗೆ ಎಷ್ಟು ಆಡುತ್ತೇವೆ ಅಂತ ಸ್ವಲ್ಪ ಯೋಚಿಸಿ.

ಪದಬಂಧದ ರಾಯರು
ಪದಬಂಧ ಹೆಣೆಯುವುದು ನನ್ನ ಹಳೆಯ ಚಾಳಿ. ಈ ಮೂರು ಪದದ ಆಟವನ್ನೂ ತುಂಬ ಕಾಲದಿಂದ ಮಾಡುತ್ತಿದ್ದೇನೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ತೊಂದರೆ ಇರುವುದು ಲೆಕ್ಕ ಎಂಬ ಪದದಲ್ಲಿ. ಅದರ ಹಿಂದೆ ಯಾವ ಹೆಸರು ಇಟ್ಟರೂ ಏನೋ ಒಂದು ಅರ್ಥ ಬಂದುಬಿಡುತ್ತದೆ. ಅಂಗಡಿಲೆಕ್ಕ, ಹಾಲಿನ ಲೆಕ್ಕ, ಮದುವೆ ಲೆಕ್ಕ. ಇಂಥ ಪದವನ್ನು ಕೊಟ್ಟರೆ ಅದು ಯಾವ ಉತ್ತರವನ್ನೂ ತಳ್ಳಿಹಾಕುವುದಿಲ್ಲ, ಎಲ್ಲರನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ಪಾಠ ಮತ್ತು ಮಾತು ಎರಡೂ ಆಗಲೇ ಬಾಯಿಗೂ ಮನೆಗೂ ಒಗ್ಗುತ್ತವೆ. ನೀತಿ ಎಂಬ ಪದವೂ ಒಗ್ಗುತ್ತದೆ, ನೋಡಿ. ನೀತಿಪಾಠ, ನೀತಿಮಾತು. ಹಾಗಿರುವಾಗ ತೀರ್ಪು ಕೊಡಬೇಕಾದ್ದು ಮೂರನೆಯ ಪದ. ಅದು ಬಿಗಿಯಾಗಿರಬೇಕು. ಲೆಕ್ಕದ ಜಾಗಕ್ಕೆ ಬಡುಕ ಹಾಕಿ. ಪಾಠ, ಮಾತು, ಬಡುಕ. ಈಗ ಬಾಯಿಬಡುಕ ಬಿಟ್ಟು ಬೇರೆ ದಾರಿಯಿಲ್ಲ. ಮದ್ದು ಹಾಕಿದರೆ ಅದೇ ಮೊದಲೆರಡು ಪದ ಮನೆಗೆ ಹೋಗುತ್ತವೆ. ಮನೆಮದ್ದು ಇದೆ, ಬಾಯಿಮದ್ದು ಇಲ್ಲ.

ಮನೆಲೆಕ್ಕದ ವಿಷಯ. ನನ್ನ ಅಳತೆ ಇದು: ಜೋಡಿಪದಕ್ಕೆ ಎರಡು ಪದಗಳನ್ನು ಕೂಡಿದ್ದಕ್ಕಿಂತ ಹೆಚ್ಚಿನ ಅರ್ಥ ಇದೆಯೇ? ಮನೆಮಾತು ಎಂದರೆ ಮನೆಯಲ್ಲಿ ಆಡುವ ಭಾಷೆ ಹೌದು, ಆದರೆ "ಅವರ ಹೆಸರು ಮನೆಮಾತಾಯಿತು" ಅಂದಾಗ ಅರ್ಥ ಎಲ್ಲಿಗೋ ಹೋಯಿತು. ಬಾಯಿಮಾತು ಎಂದರೆ ಬರಹದ ಆಧಾರ ಇಲ್ಲದ್ದು. ಬಾಯಿಪಾಠ ಎಂದರೆ ಕಂಠಪಾಠ. ಮನೆಲೆಕ್ಕ ಎಂದರೆ ಮನೆಯ ಲೆಕ್ಕ, ಅಷ್ಟೇ. ಹಾಗಾಗಿ ಅದು ಸಡಿಲವಾದ ಜೋಡಿ. ಆದರೆ ತಪ್ಪು ಅನ್ನಲಾರೆ. ಈ ವಾರ ಇಬ್ಬರಿಗೂ ಅಂಕ ಕೊಡುವುದೇ ನ್ಯಾಯ. ಆಟ ಹೆಣೆದವರು ಬಾಗಿಲು ತೆರೆದಿಟ್ಟ ಮೇಲೆ ಒಳಬಂದವರನ್ನು ಬೈಯುವ ಹಾಗಿಲ್ಲ.

ಗುಂಡುಪಿನ್
ರಾಯರೇ, ಹೆಚ್ಚಿನ ಅರ್ಥ ಬೇಕು ಅಂದರೆ ಅಡುಗೆಮನೆ ಕೂಡ ಬಿದ್ದುಹೋಗುತ್ತದೆ. ಅಡುಗೆ ಮಾಡುವ ಮನೆ, ಅಷ್ಟೇ ಅಲ್ವಾ?

ಪದಬಂಧದ ರಾಯರು
ಬೀಳುವುದಿಲ್ಲ. ಅಡುಗೆಮನೆ ಒಂದು ಮನೆಯೇ ಅಲ್ಲ, ಮನೆಯೊಳಗಿನ ಒಂದು ಕೋಣೆ. ಅಲ್ಲಿ ಮನೆ ತನ್ನ ಅರ್ಥ ಬದಲಿಸಿಕೊಂಡಿದೆ.

ಸಿರಿಗನ್ನಡ
ಯಾರೂ ಮುಖ್ಯ ವಿಷಯ ಹೇಳುತ್ತಿಲ್ಲ. ಬಾಯಿಪಾಠ, ಮನೆಪಾಠ ಎರಡೂ ಅರಿಸಮಾಸ. ಬಾಯಿ, ಮನೆ ಅಚ್ಚಗನ್ನಡ. ಪಾಠ ಸಂಸ್ಕೃತ. ಕನ್ನಡ ಪದಕ್ಕೆ ಸಂಸ್ಕೃತ ಪದ ಕೂಡಿಸಬಾರದು ಅಂತ ಕೇಶಿರಾಜನೇ ಹೇಳಿದ್ದಾನೆ. ಆದ್ದರಿಂದ ಈ ಪ್ರಶ್ನೆಯೇ ತಪ್ಪು. ಶುದ್ಧ ಪದಗಳನ್ನು ಮಾತ್ರ ಕೊಡಿ.

ಪದಬಂಧದ ರಾಯರು
ಸಿರಿಗನ್ನಡ ಅವರು ಹೇಳಿದ ನಿಯಮ ಇರುವುದು ನಿಜ. ಕೇಶಿರಾಜನ ಶಬ್ದಮಣಿದರ್ಪಣ 13ನೇ ಶತಮಾನದ್ದು. ಅದು ಅಂದಿನ ಕಾವ್ಯದ ಭಾಷೆಯನ್ನು ಮುಂದಿಟ್ಟುಕೊಂಡು ಬರೆದ ವ್ಯಾಕರಣ. ಅಲ್ಲಿಯೂ ಬಿರುದುಗಳಿಗೆ ವಿನಾಯಿತಿ ಇತ್ತು. ಇನ್ನು ಇವತ್ತಿನ ಬಳಕೆ ನೋಡಿ. ಆದೇಶ ಸಂಧಿಗೆ ಶಾಲೆಯಲ್ಲಿ ಮೊದಲು ಕೊಡುವ ಉದಾಹರಣೆ ಯಾವುದು? ಮಳೆಗಾಲ. ಮಳೆ ಕನ್ನಡ, ಕಾಲ ಸಂಸ್ಕೃತ. ಅದನ್ನು ಬಿಟ್ಟರೆ ನಾವು ಜೂನ್ ತಿಂಗಳಿಗೆ ಏನು ಅನ್ನಬೇಕು?

ಪದದಾಟಕ್ಕೆ ಜನ ಬಳಸುವುದೇ ಪ್ರಮಾಣ. ಹೂದಾನಿಯಲ್ಲಿ ದಾನಿ ಪಾರಸಿ ಕಡೆಯಿಂದ ಬಂದದ್ದು. ಅದನ್ನು ಹೊರಗಿಟ್ಟರೆ ಒಂದು ಒಳ್ಳೆಯ ಪದ ಕಳೆದುಕೊಳ್ಳುತ್ತೇವೆ.

ಸಿರಿಗನ್ನಡ
ಮಳೆಗಾಲ ರೂಢಿಗೆ ಬಂದುಬಿಟ್ಟಿದೆ, ಒಪ್ಪುತ್ತೇನೆ. ಆದರೆ ಹೊಸದಾಗಿ ಇಂಥ ಪದ ಹುಟ್ಟಿಸುವುದಕ್ಕೆ ನನ್ನ ವಿರೋಧ ಇದ್ದೇ ಇದೆ.

ನಿವೃತ್ತ ಕಂಡಕ್ಟರ್
ಒಳ್ಳೆಯ ಚರ್ಚೆ. ನನಗೆ ಗೊತ್ತಿರುವ ಜೋಡಿಪದ ಹಾಕುತ್ತೇನೆ. ಮನೆಗಿನೆ, ಪುಸ್ತಕಗಿಸ್ತಕ, ಊಟಗೀಟ, ಮಕ್ಕಳುಮರಿ, ಹೊಲಗದ್ದೆ, ಮನೆಮಠ. ಇನ್ನೂ ಬೇಕಾದರೆ ಹೇಳಿ, ಬಸ್ಸಿನಲ್ಲಿ ಕೇಳಿದ್ದೇ ನೂರಾರು ಇವೆ.

ಪದಪ್ರಿಯೆ
ಕಂಡಕ್ಟರ್ ಸರ್, ಪದಗಳು ಚೆನ್ನಾಗಿವೆ. ಆದರೆ ಈ ಆಟ ಬೇರೆ. ಮೂರು ಬೇರೆ ಬೇರೆ ಪದಕ್ಕೆ ಒಂದೇ ಪದ ಹೊಂದಬೇಕು. ಈಗ ನೀವೇ ಹೇಳಿದ ಮಠ ತೆಗೆದುಕೊಳ್ಳಿ. ಮಠ, ಮದ್ದು, ತವರು. ಮೂರಕ್ಕೂ ಏನು ಸೇರುತ್ತದೆ?

ನಿವೃತ್ತ ಕಂಡಕ್ಟರ್
ಓ, ಹಾಗೋ. ಮನೆ! ಮನೆಮಠ, ಮನೆಮದ್ದು, ತವರುಮನೆ. ಇದು ಚೆನ್ನಾಗಿದೆಯಲ್ಲ. ಇನ್ನೊಂದು ಕೊಡಿ.

ಪದಬಂಧದ ರಾಯರು
ಹೆಣೆಯುವುದು ಹೇಗೆ ಅಂತ ಪದಪ್ರಿಯೆಯವರು ಕೇಳಿದ್ದರು. ಇದೇ ಮನೆಯನ್ನಿಟ್ಟುಕೊಂಡು ಹೇಳುತ್ತೇನೆ.

ಮೊದಲು ಉತ್ತರದ ಪದ ಗಟ್ಟಿ ಮಾಡಿಕೊಳ್ಳಿ. ಕೊಡುವ ಪದಗಳಿಂದ ಶುರು ಮಾಡಿದರೆ ದಾರಿ ತಪ್ಪುತ್ತದೆ. ಈಗ ಒಂದು ಹಾಳೆಯ ನಡುವೆ ಮನೆ ಅಂತ ಬರೆಯಿರಿ. ಎಡಗಡೆ ಅದರ ಹಿಂದೆ ಬರುವ ಪದಗಳು: ಅಡುಗೆ, ಬಚ್ಚಲು, ಸೆರೆ, ತವರು, ನೆರೆ. ಬಲಗಡೆ ಮುಂದೆ ಬರುವ ಪದಗಳು: ಮಾತು, ಮದ್ದು, ಪಾಠ, ಕೆಲಸ. ಅಡುಗೆ, ಬಚ್ಚಲು ಎರಡನ್ನೂ ಹೊಡೆದುಹಾಕಿ. ಅವು ನೋಡಿದ ಕೂಡಲೇ ಮನೆಯನ್ನು ಹೇಳಿಬಿಡುತ್ತವೆ. ತವರು ಕೂಡ ಹಾಗೆಯೇ, ತವರು ಅಂದರೆ ಮನೆ ಇಲ್ಲವೇ ಊರು.

ಉಳಿದದ್ದರಲ್ಲಿ ಬೇರೆ ಕಡೆಗೆ ಎಳೆಯುವ ಪದ ಯಾವುದು ನೋಡಿ. ಸೆರೆ ಅಂದರೆ ಪೊಲೀಸು, ಸೆರೆವಾಸ ನೆನಪಾಗುತ್ತದೆ. ನೆರೆ ಅಂದರೆ ಪ್ರವಾಹ, ನೆರೆಹಾವಳಿ. ಮದ್ದು ಅಂದರೆ ಸಿಡಿಮದ್ದು, ಮದ್ದುಗುಂಡು. ಸೆರೆ, ನೆರೆ, ಮದ್ದು ಮೂರನ್ನೂ ಒಟ್ಟಿಗೆ ಇಟ್ಟರೆ ಓದುವವರಿಗೆ ಯುದ್ಧ, ಪ್ರವಾಹ, ಬಂಧನ ಕಾಣುತ್ತದೆ. ಮನೆ ಕಾಣುವುದಿಲ್ಲ. ಉತ್ತರ ಗೊತ್ತಾದ ಮೇಲೆ ಮಾತ್ರ ಸೆರೆಮನೆ, ನೆರೆಮನೆ, ಮನೆಮದ್ದು ಎಷ್ಟು ಸುಲಭ ಅನ್ನಿಸುತ್ತದೆ.

ಕೊನೆಗೆ ಎದುರಾಳಿಯಾಗಿ ಕೂತು ನಿಮ್ಮ ಪ್ರಶ್ನೆಯನ್ನು ನೀವೇ ಕೆಡವಲು ನೋಡಿ. ಬೇರೆ ಯಾವ ಪದ ಎರಡಕ್ಕೆ ಹೊಂದುತ್ತದೆ? ಸೆರೆಯಾಳು ಉಂಟು. ಆದರೆ ಆಳು ಮದ್ದಿಗೆ ಹೊಂದುವುದಿಲ್ಲ. ನೆರೆಹೊರೆ ಉಂಟು. ಹೊರೆ ಉಳಿದೆರಡಕ್ಕೆ ಹೊಂದುವುದಿಲ್ಲ. ಎಲ್ಲವೂ ಮೂರನೆಯದರಲ್ಲಿ ಬಿದ್ದರೆ ಪ್ರಶ್ನೆ ಗಟ್ಟಿ.

ಕಲ್ಯಾಣದ ಕಾಕಾ
ನಮ್ಮ ಕಡೆ ಸೆರೆ ಅಂದರೆ ಕುಡಿಯುವ ಸೆರೆ. ಸೆರೆ ಅಂಗಡಿ ಮೊದಲು ನೆನಪಾಯಿತು. ಮದ್ದು ನೋಡಿದ ಮೇಲೆ ಕುಡಿತ ಬಿಡಿಸುವ ಮದ್ದು ಕೇಳುತ್ತಿದ್ದಾರೆ ಅಂದುಕೊಂಡೆ!

ಪದಬಂಧದ ರಾಯರು
ಕಾಕಾ, ಅದೂ ಒಳ್ಳೆಯ ಎಳೆತವೇ. ಪ್ರಶ್ನೆಗೆ ಇನ್ನಷ್ಟು ಬಲ ಬಂತು.

ಪಟ್ಟಣದ ಪ್ರವಾಸಿ
ಶ್ರೀರಂಗಪಟ್ಟಣದಲ್ಲಿ ಮದ್ದಿನ ಮನೆ ಇದೆಯಲ್ಲ, ಟಿಪ್ಪು ಕಾಲದ್ದು. ಹಾಗಾದರೆ ಮದ್ದು ಮನೆಯ ಹಿಂದೆಯೂ ಬರುತ್ತದೆ, ಮುಂದೆಯೂ ಬರುತ್ತದೆ.

ಗುಂಡುಪಿನ್
ಅದು ಮದ್ದಿನ ಮನೆ. ನಡುವೆ "ಇನ" ಇದೆ. ಅದು ಸೇರಿದ ಪದ ಅಲ್ಲ, ಎರಡು ಪದ. ಹಾಗೆ ಬಿಟ್ಟರೆ ಹದ್ದಿನ ಕಣ್ಣು, ಮರದ ಕಾಲು ಎಲ್ಲವೂ ಒಳಗೆ ಬರುತ್ತವೆ. ಆಮೇಲೆ ಯಾವ ಪ್ರಶ್ನೆಗೂ ಒಂದೇ ಉತ್ತರ ಇರುವುದಿಲ್ಲ.

ಪದಬಂಧದ ರಾಯರು
ಇದರಲ್ಲಿ ಗುಂಡುಪಿನ್ ಅವರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ನಡುವೆ ಇನ, ದ, ಯ ಬಂದರೆ ಬಿಟ್ಟುಬಿಡಿ. ಈ ಒಂದು ಗೆರೆ ಎಳೆದುಕೊಂಡರೆ ಅರ್ಧ ಜಗಳ ಕಡಿಮೆ.

ಪದಪ್ರಿಯೆ
ಈ ಗೆರೆ ನಿಯಮದಲ್ಲಿ ಸೇರಿಸುತ್ತೇನೆ. ಕಾಲು, ಗಾಲು ವಿಷಯ ಯಾರೂ ಹೇಳಲಿಲ್ಲ.

ಸಿರಿಗನ್ನಡ
ಇದರಲ್ಲಿ ಚರ್ಚೆ ಏನಿದೆ? ಆದೇಶ ಸಂಧಿ. ಎರಡನೆಯ ಪದದ ಮೊದಲಲ್ಲಿ ಕ, ತ, ಪ ಇದ್ದರೆ ಗ, ದ, ಬ ಆಗುತ್ತದೆ. ಗಾಲು ಅಂತ ಬೇರೆ ಪದವೇ ಇಲ್ಲ. ಉತ್ತರ ಕಾಲು.

ಕರಾವಳಿ ಕೂಸು
ಯಾವಾಗಲೂ ಆಗುತ್ತದಾ? ಹಾಗಾದರೆ ಹೊಟ್ಟೆಕಿಚ್ಚು ಯಾಕೆ ಹೊಟ್ಟೆಗಿಚ್ಚು ಆಗಲಿಲ್ಲ? ಹೊಟ್ಟೆಪಾಡು ಯಾಕೆ ಹೊಟ್ಟೆಬಾಡು ಆಗಲಿಲ್ಲ?

ಸಿರಿಗನ್ನಡ
ಅವು ಹೊಸ ಪದಗಳಿರಬೇಕು.

ಪದಬಂಧದ ರಾಯರು
ಹೊಸದು ಹಳೆಯದು ಅಂತ ಗೆರೆ ಎಳೆಯಲು ಆಗುವುದಿಲ್ಲ. ಒಂದೇ ಪದ ಎರಡು ಕಡೆ ಎರಡು ರೀತಿ ನಡೆದುಕೊಳ್ಳುತ್ತದೆ. ಕಿಚ್ಚು ಕಾಳ್ಗಿಚ್ಚಿನಲ್ಲಿ ಗ ಆಗಿದೆ, ಕಾಡುಕಿಚ್ಚಿನಲ್ಲಿ ಆಗಿಲ್ಲ. ಎಡಗೈ, ಬಲಗೈ, ಮುಂಗೈ ಎಲ್ಲದರಲ್ಲೂ ಗ ಇದೆ. ಮೊಣಕೈಯಲ್ಲಿ ಕ ಹಾಗೇ ಉಳಿಯಿತು. ತೋಟ ನೋಡಿ, ಹೂದೋಟ ಅಂದರೂ ಸರಿ, ಹೂತೋಟ ಅಂದರೂ ಸರಿ. ಕೈದೋಟ, ಕೈತೋಟ ಎರಡೂ ಚಾಲ್ತಿಯಲ್ಲಿವೆ. ಇನ್ನು ಕಂಬನಿಯಲ್ಲಂತೂ ಕಣ್ಣೂ ಬದಲಾಗಿದೆ, ಪನಿಯೂ ಬದಲಾಗಿದೆ.

ಹಾಗಾಗಿ ಆಟದ ನಿಯಮ ಹೀಗೆ ಬರೆಯಿರಿ: "ಸೇರುವಾಗ ಅಕ್ಷರ ಬದಲಾಗಬಹುದು. ಉತ್ತರವನ್ನು ಬಿಡಿಯಾಗಿ ನಿಂತಾಗ ಇರುವ ರೂಪದಲ್ಲಿ ಬರೆಯಿರಿ." ಆಗ ಉತ್ತರ ಕಾಲು. ಗಾಲು ಬರೆದವರಿಗೂ ಅಂಕ ಕೊಡಿ, ಅವರಿಗೆ ವಿಷಯ ಸಿಕ್ಕಿದೆ. ಕೊಡುವ ಪದಗಳನ್ನೂ ಬಿಡಿ ರೂಪದಲ್ಲೇ ಕೊಡಿ. ದೋಟ, ಗನ್ನಡ ಅಂತ ಕೊಟ್ಟರೆ ಹಿಂದೆ ಏನೋ ಬರಬೇಕು ಅಂತ ಆ ಅಕ್ಷರವೇ ಹೇಳಿಬಿಡುತ್ತದೆ.

ಇನ್ನೊಂದು ಮಾತು. ನಿಮ್ಮ ಮೂರರಲ್ಲಿ ದಾಪು ತೆಗೆಯಿರಿ. ದಾಪುಗಾಲು ಬಿಟ್ಟು ದಾಪು ಎಲ್ಲಿಯೂ ಕಾಣುವುದಿಲ್ಲ. ಅದನ್ನು ನೋಡಿದವರು ಉಳಿದೆರಡನ್ನು ಓದುವುದೂ ಇಲ್ಲ.

ಹೊಸಕೋಟೆ ಹುಡುಗ
ನಿಜ. ನಾನು ದಾಪು ನೋಡಿದ ತಕ್ಷಣ ಉತ್ತರ ಬಂತು.

ಕರಾವಳಿ ಕೂಸು
ಆದರೆ ರಾಯರೇ, ಬಡುಕ ಕೂಡ ಹಾಗೇ ಅಲ್ವಾ? ಬಾಯಿಬಡುಕ ಬಿಟ್ಟರೆ ಇನ್ನೇನಿದೆ? ಅದನ್ನು ನೀವೇ ಸೂಚಿಸಿದ್ದು.

ಪದಬಂಧದ ರಾಯರು
ಸರಿಯಾದ ಪ್ರಶ್ನೆ. ಒಂದೇ ಉತ್ತರ ಬರಲಿ ಎಂಬ ಆಸೆ ಒಂದು ಕಡೆ, ಬೇಗ ಸಿಗಬಾರದು ಎಂಬ ಆಸೆ ಇನ್ನೊಂದು ಕಡೆ. ಪದ ಬಿಗಿಯಾದಷ್ಟೂ ಗುಟ್ಟು ಬೇಗ ಬಿಡುತ್ತದೆ. ಬಡುಕ ಸುಲಭ ಪ್ರಶ್ನೆಗೆ ಸರಿ. ಕಷ್ಟದ ಪ್ರಶ್ನೆಗೆ ಮದ್ದಿನಂಥ ಪದ ಬೇಕು. ನಾಲ್ಕೈದು ಜೋಡಿ ಇರಬೇಕು, ಐವತ್ತು ಇರಬಾರದು.

ಸಾಫ್ಟ್‌ವೇರ್ ಸೋಮ
ಬೇರೆ ಉತ್ತರ ಇದೆಯಾ ಅಂತ ತಲೆಯಲ್ಲೇ ಹುಡುಕುವುದು ಯಾಕೆ? ಕನ್ನಡ ಪದಗಳ ಪಟ್ಟಿ ಇರುವ ಒಂದು ಫೈಲ್ ಇದ್ದರೆ ಸಾಕು, ಸಾಲಿಗೊಂದು ಪದ. ಪಾಠ, ಮಾತು, ಲೆಕ್ಕ ಮೂರರಲ್ಲೂ ಕೊನೆಯಾಗುವ ಪದಗಳನ್ನು ತೆಗೆದು, ಹಿಂದಿನ ಭಾಗ ಮೂರಕ್ಕೂ ಒಂದೇ ಇರುವುದನ್ನು ಮಾತ್ರ ತೋರಿಸುತ್ತದೆ.

```
export LC_ALL=C
for w in ಪಾಠ ಮಾತು ಲೆಕ್ಕ; do
  sed -n "s/^\(..*\)$w\$/\1/p" padagalu.txt | sort -u
done | sort | uniq -c | awk '$1==3'
```

ಕೊನೆಯ `3` ಅನ್ನು `2` ಮಾಡಿದರೆ ಎರಡಕ್ಕೆ ಮಾತ್ರ ಹೊಂದುವ ಪದಗಳು ಸಿಗುತ್ತವೆ. ದಾರಿ ತಪ್ಪಿಸುವ ಪದ ಹುಡುಕಲು ಅದೇ ಬೇಕಾಗುವುದು.

ಪದಪ್ರಿಯೆ
ಸೋಮ ಅವರೇ, ಇದು ಕಾಲು, ಗಾಲು ಎರಡನ್ನೂ ಹಿಡಿಯುತ್ತದಾ?

ಸಾಫ್ಟ್‌ವೇರ್ ಸೋಮ
ತಾನಾಗಿ ಹಿಡಿಯುವುದಿಲ್ಲ. ಕಾಲು ಕೊನೆಯಲ್ಲಿರುವ ಪದ ಬೇಕಾದರೆ ಎರಡೂ ರೂಪ ಹೇಳಬೇಕು.

```
grep -E '(ಕಾಲು|ಗಾಲು)$' padagalu.txt
```

ಹಿಂದೆ ಬರುವ ಪದಕ್ಕೆ `grep '^ಕೈ' padagalu.txt` ಅಂತ ಕೊಟ್ಟರೆ ಕೈಸಾಲ, ಕೈಮಗ್ಗ ಬರುತ್ತವೆ. ಜೊತೆಗೆ ಕೈಲಾಸ, ಕೈವಲ್ಯ, ಕೈಂಕರ್ಯವೂ ಬರುತ್ತವೆ. ಅವಕ್ಕೂ ಕೈಗೂ ಏನೂ ಸಂಬಂಧ ಇಲ್ಲ. ಮನೆ ಕೊಟ್ಟರೆ ಮನೆಗೆ, ಮನೆಯಿಂದ, ಮನೆಯವರು ಎಲ್ಲ ಸಾಲುಗಟ್ಟಿ ಬರುತ್ತವೆ. ಕಣ್ಣಿನಿಂದ ಸೋಸಲೇಬೇಕು.

ಅಂಗಡಿ ಮಲ್ಲಮ್ಮನ ಮಗಳು
ನಿಮ್ಮ ಪಟ್ಟಿಯಲ್ಲಿ ಮನೆಲೆಕ್ಕ ಇದೆಯಾ?

ಸಾಫ್ಟ್‌ವೇರ್ ಸೋಮ
ಇಲ್ಲ. ಬಾಯಿಲೆಕ್ಕವೂ ಇಲ್ಲ. ಜನ ಎರಡನ್ನೂ ಬಿಡಿಸಿ ಬರೆಯುತ್ತಾರೆ, ಅದಕ್ಕೆ ಪಟ್ಟಿಗೆ ಬಂದಿಲ್ಲ ಅನ್ನಿಸುತ್ತದೆ.

ಅಂಗಡಿ ಮಲ್ಲಮ್ಮನ ಮಗಳು
ಗುಂಡುಪಿನ್ ಅವರೇ, ಕೇಳಿಸಿತಾ?

ಗುಂಡುಪಿನ್
ಕೇಳಿಸಿತು. ಪಟ್ಟಿ ಸಣ್ಣದು ಅಂತ ಅರ್ಥ, ಅಷ್ಟೇ.

ಧಾರವಾಡದ ಹುಡುಗಿ
ನಾನು ಮನಶ್ಶಾಸ್ತ್ರ ಓದುತ್ತಿದ್ದೇನೆ. ಈ ಆಟಕ್ಕೆ ನಮ್ಮಲ್ಲಿ ದೊಡ್ಡ ಚರಿತ್ರೆ ಇದೆ. ಅಮೆರಿಕದ ಸಾರ್ನಾಫ್ ಮೆಡ್ನಿಕ್ 1962ರಲ್ಲಿ ಸೃಜನಶೀಲತೆ ಅಳೆಯಲು ಇಂಥ ಮೂರು ಪದಗಳ ಪರೀಕ್ಷೆ ಮಂಡಿಸಿದರು. ದೂರದೂರದ ಪದಗಳ ನಡುವೆ ಕೊಂಡಿ ಹುಡುಕಬಲ್ಲವರ ತಲೆಯಲ್ಲಿ ಹೊಸ ಯೋಚನೆ ಹುಟ್ಟುತ್ತದೆ ಎಂಬುದು ಅವರ ವಾದ. ಆ ಮೊದಲ ಪರೀಕ್ಷೆಯಲ್ಲಿ ಕೊಂಡಿ ಯಾವ ರೀತಿಯದೂ ಆಗಬಹುದಿತ್ತು. ಪದ ಕೂಡಿಕೊಳ್ಳಲೇಬೇಕು ಅಂತಿರಲಿಲ್ಲ. 2003ರಲ್ಲಿ ಬೌಡನ್ ಮತ್ತು ಯುಂಗ್ ಬೀಮನ್ ಅನ್ನುವವರು ಜೋಡಿಪದ ಆಗುವಂಥದ್ದನ್ನು ಮಾತ್ರ ಆರಿಸಿ 144 ಪ್ರಶ್ನೆಗಳ ಪಟ್ಟಿ ಮಾಡಿದರು. ಯಾವ ಪ್ರಶ್ನೆಯನ್ನು 2, 7, 15, 30 ಸೆಕೆಂಡುಗಳಲ್ಲಿ ಎಷ್ಟು ಜನ ಬಿಡಿಸುತ್ತಾರೆ ಅಂತ ನೋಡಿ ಸುಲಭ, ಕಷ್ಟ ಅಂತ ವಿಂಗಡಿಸಿದ್ದಾರೆ. ಅದರಲ್ಲಿ ಎಲ್ಲರೂ ಹೇಳುವ ಉದಾಹರಣೆ ಕಾಟೇಜ್, ಸ್ವಿಸ್, ಕೇಕ್. ಉತ್ತರ ಚೀಸ್.

ಪದಪ್ರಿಯೆ ಅಕ್ಕ, ನೀವೂ ಹೀಗೆ ಮಾಡಬಹುದು. ಬಳಗಕ್ಕೆ ಹಾಕುವ ಮೊದಲು ನಾಲ್ಕೈದು ಜನರಿಗೆ ಕೊಟ್ಟು, ಎಷ್ಟು ಹೊತ್ತಾಯಿತು, ಮೊದಲು ಹೊಳೆದ ತಪ್ಪು ಉತ್ತರ ಯಾವುದು ಅಂತ ಬರೆಸಿಕೊಳ್ಳಿ. ಆ ತಪ್ಪು ಉತ್ತರವೇ ಹೆಚ್ಚು ಉಪಯೋಗಕ್ಕೆ ಬರುವುದು. ಇಬ್ಬರು ಮೂವರು ಒಂದೇ ತಪ್ಪು ಉತ್ತರ ಬರೆದಿದ್ದರೆ, ಅದು ನಿಜವಾಗಿ ತಪ್ಪೋ ಅಥವಾ ಎರಡನೆಯ ಸರಿಯುತ್ತರವೋ ಅಂತ ಆಗಲೇ ನೋಡಿಕೊಳ್ಳಬಹುದು.

ಹೊಸಕೋಟೆ ಹುಡುಗ
ನನಗೆ ಒಂದು ಸಲ ತಪ್ಪು ಪದ ಹೊಳೆದರೆ ಅದು ಬಿಟ್ಟುಹೋಗುವುದೇ ಇಲ್ಲ. ಇದಕ್ಕೆ ಏನು ಮಾಡುವುದು?

ಧಾರವಾಡದ ಹುಡುಗಿ
ಅದು ಎಲ್ಲರಿಗೂ ಆಗುತ್ತದೆ. ತಪ್ಪು ಪದ ಎದುರಿಗಿದ್ದಷ್ಟು ಹೊತ್ತು ಸರಿಯಾದದ್ದು ಹೊಳೆಯಲು ಅಡ್ಡಿಯಾಗುತ್ತದೆ ಅಂತ ಪ್ರಯೋಗಗಳಲ್ಲಿ ಕಂಡಿದ್ದಾರೆ. ಸ್ವಲ್ಪ ಹೊತ್ತು ಬಿಟ್ಟು ಬೇರೆ ಕೆಲಸ ಮಾಡಿ ಬನ್ನಿ. ಆ ಪದ ಮಸುಕಾದ ಮೇಲೆ ದಾರಿ ತೆರೆಯುತ್ತದೆ.

ಪದಬಂಧದ ರಾಯರು
ಬಿಡಿಸುವವರಿಗೆ ನನ್ನದೊಂದು ಉಪಾಯ. ಮೂರರಲ್ಲಿ ಕಡಿಮೆ ಜೋಡಿ ಇರುವ ಪದ ಯಾವುದೋ ಅಲ್ಲಿಂದ ಶುರು ಮಾಡಿ. ಕೋಸು, ದಾನಿ, ಬಿಸಿಲು ಕೊಡುತ್ತೇನೆ. ಹೊಸಕೋಟೆ ತಮ್ಮಾ, ಹೇಗೆ ಯೋಚಿಸಿದೆ ಅಂತಲೂ ಬರಿ.

ಹೊಸಕೋಟೆ ಹುಡುಗ
ಮೊದಲು ದಾನಿ ನೋಡಿದೆ. ರಕ್ತದಾನಿ, ಮಹಾದಾನಿ. ರಕ್ತಬಿಸಿಲು ಇಲ್ಲ. ಬಿಸಿಲಿಗೆ ಬಂದೆ. ಉರಿಬಿಸಿಲು, ಸುಡುಬಿಸಿಲು, ಎಳೆಬಿಸಿಲು. ಎಳೆಕೋಸು ಅನ್ನಬಹುದು, ಎಳೆದಾನಿ ಆಗಲ್ಲ. ಆಮೇಲೆ ನೀವು ಹೇಳಿದ ಹಾಗೆ ಕೋಸಿನಿಂದ ಶುರು ಮಾಡಿದೆ. ಎಲೆಕೋಸು, ಹೂಕೋಸು, ನವಿಲುಕೋಸು. ಮೂರೇ ಇರುವುದು. ಎಲೆಬಿಸಿಲು ಇಲ್ಲ. ಹೂಬಿಸಿಲು ಇದೆ! ಹೂದಾನಿ! ದಾನಿ ಅಂದರೆ ಕೊಡುವವನು ಅಂತಲೇ ಅಂದುಕೊಂಡಿದ್ದೆ, ಅದು ಪಾತ್ರೆ ಅಂತ ಹೊಳೆಯಲೇ ಇಲ್ಲ.

ನಿವೃತ್ತ ಕಂಡಕ್ಟರ್
ಭಲೇ! ನಾನು ಇನ್ನೂ ರಕ್ತದಾನದಲ್ಲೇ ಇದ್ದೆ.

ಕರಾವಳಿ ಕೂಸು
ನಾನೂ ಒಂದು ಮಾಡಿದ್ದೇನೆ. ಉಳ್ಳಿ, ಎಳೆ, ಬಿಸಿ.

ಕಲ್ಯಾಣದ ಕಾಕಾ
ಉಳ್ಳಿ ಅಂದರೆ? ಉಳ್ಳಾಗಡ್ಡಿಯಾ?

ಕರಾವಳಿ ಕೂಸು
ನೀರು. ನೀರುಳ್ಳಿ, ಎಳನೀರು, ಬಿಸಿನೀರು.

ಕಲ್ಯಾಣದ ಕಾಕಾ
ನಮ್ಮಲ್ಲಿ ನೀರುಳ್ಳಿ ಅಂತ ಯಾರೂ ಅನ್ನುವುದಿಲ್ಲ. ಉಳ್ಳಾಗಡ್ಡಿ. ಮೈಸೂರು ಕಡೆಯವರು ಈರುಳ್ಳಿ ಅಂತಾರೆ. ಈ ಪ್ರಶ್ನೆ ಕರಾವಳಿಯವರಿಗೆ ಮಾತ್ರ ಆಯಿತಲ್ಲ.

ಕರಾವಳಿ ಕೂಸು
ಎಲ್ಲ ಪ್ರಶ್ನೆಯೂ ಬೆಂಗಳೂರು, ಮೈಸೂರಿನ ಪದದಲ್ಲೇ ಇರಬೇಕು ಅಂತ ಎಲ್ಲಿದೆ ಕಾಕಾ? ನಮ್ಮ ಪದವೂ ಒಂದೆರಡು ಇರಲಿ. ಉಳಿದೆರಡರಿಂದ ನೀರು ಸಿಕ್ಕರೆ ನೀರುಳ್ಳಿ ಎಂಬ ಪದ ನಿಮಗೂ ಗೊತ್ತಾಗುತ್ತದೆ.

ಕಲ್ಯಾಣದ ಕಾಕಾ
ಹಾಗಾದರೆ ಮುಂದಿನ ಸಲ ಉಳ್ಳಾಗಡ್ಡಿಗೂ ಜಾಗ ಇರಲಿ.

ಪದಪ್ರಿಯೆ
ಇಬ್ಬರದೂ ಬರಲಿ. ಮೂರರಲ್ಲಿ ಒಂದು ಪದ ಮಾತ್ರ ಯಾವುದಾದರೂ ಸೀಮೆಯದ್ದು, ಉಳಿದೆರಡು ಎಲ್ಲರಿಗೂ ಗೊತ್ತಿರುವಂಥದ್ದು, ಹೀಗೆ ಇಟ್ಟುಕೊಳ್ಳುತ್ತೇನೆ. ಈಗ ನಾನು ಹೊಸದಾಗಿ ಹೆಣೆದದ್ದು ನೋಡಿ: ಹುಟ್ಟು, ತವರು, ಕೋಲು.

ಸಾಫ್ಟ್‌ವೇರ್ ಸೋಮ
ಊರು. ಹುಟ್ಟೂರು, ತವರೂರು, ಊರುಗೋಲು. ತುಂಬಾ ಚೆನ್ನಾಗಿದೆ.

ಗುಂಡುಪಿನ್
ಚೆನ್ನಾಗಿಲ್ಲ, ಮೋಸ. ಊರುಗೋಲಿನ ಊರು ಬೇರೆ. ಅದು ನೆಲಕ್ಕೆ ಊರುವುದು. ಹುಟ್ಟೂರಿನ ಊರು ಹಳ್ಳಿ. ಒಂದೇ ಪದ ಮೂರಕ್ಕೂ ಹೊಂದಬೇಕು ಅಂತ ನಿಯಮ. ಇಲ್ಲಿ ಎರಡು ಪದ ಇವೆ, ಅಕ್ಷರ ಒಂದೇ ಇರುವುದು ಕಾಕತಾಳೀಯ.

ಸಾಫ್ಟ್‌ವೇರ್ ಸೋಮ
ಅದರಲ್ಲೇ ಮಜಾ ಇರುವುದು! ಊರು ಅಂತ ಬರೆದರೆ ಮೂರೂ ಪದ ಸಿಗುತ್ತವೆ. ಇನ್ನೇನು ಬೇಕು?

ಸಿರಿಗನ್ನಡ
ಈ ಸಲ ಗುಂಡುಪಿನ್ ಹೇಳಿದ್ದು ಸರಿ. ಹೀಗೆ ಬಿಟ್ಟರೆ ಮುಕ್ಕಾಲನ್ನೂ ತುದಿಗಾಲಿನ ಜೊತೆ ಸೇರಿಸುತ್ತೀರಿ.

ನಿವೃತ್ತ ಕಂಡಕ್ಟರ್
ಮುಕ್ಕಾಲಿನ ಕಾಲೂ ಅದೇ ಕಾಲು ಅಲ್ಲವೇ? ದನಕ್ಕೆ ನಾಲ್ಕು ಕಾಲು, ಅದರಲ್ಲಿ ಒಂದು ಕಾಲು ಭಾಗ. ನಮ್ಮಪ್ಪ ಹೀಗೇ ಹೇಳಿಕೊಟ್ಟಿದ್ದು.

ಪದಬಂಧದ ರಾಯರು
ಸಂಸ್ಕೃತದ ಪಾದಕ್ಕೂ ಕಾಲು, ನಾಲ್ಕನೆಯ ಒಂದು ಭಾಗ ಎಂಬ ಎರಡು ಅರ್ಥ ಇವೆ. ಹಾಗಾಗಿ ಕಂಡಕ್ಟರ್ ಸಾಹೇಬರ ಮಾತನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಕಾಲನ್ನು ನಾನು ಒಪ್ಪುತ್ತೇನೆ. ಊರು ಮಾತ್ರ ಕಷ್ಟ. ಒಂದು ಹೆಸರು, ಒಂದು ಕೆಲಸ ಹೇಳುವ ಮಾತು. ನಾನಾದರೆ ಇಂಥದ್ದನ್ನು ಹೆಣೆಯುವುದಿಲ್ಲ. ಹೆಣೆದವರನ್ನು ತಡೆಯುವುದೂ ಇಲ್ಲ.

ಗುಂಡುಪಿನ್
ಅಂದರೆ ನಿಯಮ ಇಲ್ಲ ಅಂತಾಯಿತು.

ಧಾರವಾಡದ ಹುಡುಗಿ
ನನಗಂತೂ ಊರುಗೋಲು ತುಂಬಾ ಇಷ್ಟವಾಯಿತು. ಊರು ಹೊಳೆದ ಮೇಲೂ ಕೋಲಿಗೆ ಹೇಗೆ ಸೇರುತ್ತದೆ ಅಂತ ಇನ್ನೊಂದು ಗಳಿಗೆ ಬೇಕಾಯಿತು. ಇಂಥ ಪ್ರಶ್ನೆ ತೆಗೆದುಹಾಕಬೇಡಿ ಅಕ್ಕ.

ಪದಪ್ರಿಯೆ
ಊರನ್ನು ಬಳಗದ ಮುಂದೆಯೇ ಇಡುತ್ತೇನೆ, ಅವರೇ ತೀರ್ಮಾನಿಸಲಿ. ಮನೆಲೆಕ್ಕದವರಿಗೆ ಅಂಕ ಕೊಟ್ಟಾಯಿತು. ದಾಪು ತೆಗೆದು ಆ ಜಾಗಕ್ಕೆ ಚೀಲ ಹಾಕಿದ್ದೇನೆ. ತುದಿ, ಅಡ್ಡ, ಚೀಲ. ಒಂದು ಪದವಾದರೂ ಕಾಲಿನ ಮುಂದೆ ಬರಲಿ ಅಂತ.

ಕರಾವಳಿ ಕೂಸು
ಚೀಲಕ್ಕೆ ಕೈಯೂ ಹೊಂದುತ್ತದೆ. ಕೈಚೀಲ. ತುದಿಗೈ, ಅಡ್ಡಗೈ ಬರುತ್ತವಾ ನೋಡಿಕೊಳ್ಳಿ.

ಅಂಗಡಿ ಮಲ್ಲಮ್ಮನ ಮಗಳು
ತುದಿಗೈ ಅಂತ ನಾನು ಕೇಳಿದ್ದೇನೆ. ಮುಂಗೈಗಿಂತ ಮುಂದಿನ ಭಾಗಕ್ಕೆ ಹೇಳುತ್ತಾರೆ.

ಗುಂಡುಪಿನ್
ಎಲ್ಲಿ ಕೇಳಿದ್ದೀರಿ?